ಬರಿದಾದ ಪೆಟ್ಟಿಗೆ, ತುಂಬಿದ ಭಂಡಾರ: ಮಿಂಚಂಚೆಯ ಎರಡು ಪದ್ಧತಿಗಳು

ಸಂಶೋಧಕರು ಕಾಗದಪತ್ರಗಳನ್ನು ಕಾಪಿಡುವ ರೀತಿಯಲ್ಲಿ ಎರಡು ಸ್ವಭಾವಗಳನ್ನು ಕಾಣಬಹುದು. ಬಂದ ಪತ್ರಕ್ಕೆ ಅಂದೇ ಗತಿ ಕಾಣಿಸಿ ಮೇಜನ್ನು ಬರಿದು ಮಾಡಿ ಮಲಗುವವರು ಕೆಲವರು. ಎಲ್ಲವನ್ನೂ ಒಂದೇ ಕಡೆ ಒಟ್ಟಿ, ಬೇಕಾದಾಗ ಹುಡುಕಿ ತೆಗೆಯುವವರು ಮತ್ತೆ ಕೆಲವರು. ಅಂಚೆಯ ಕಾಗದಗಳು ಹೋಗಿ ಮಿಂಚಂಚೆ ಬಂದ ಮೇಲೆ ಈ ಎರಡು ಸ್ವಭಾವಗಳೂ ಎರಡು ಪದ್ಧತಿಗಳಾಗಿ ರೂಪುಗೊಂಡಿವೆ. ಮೊದಲನೆಯದಕ್ಕೆ ‘ಇನ್‌ಬಾಕ್ಸ್ ಜೀರೋ’ ಎಂಬ ಹೆಸರೇ ಇದೆ. ಎರಡನೆಯದಕ್ಕೆ ಹೆಸರಿಲ್ಲದಿದ್ದರೂ, ಪತ್ರಗಳನ್ನು ವಿಂಗಡಿಸದೆ ಒಂದೇ ಭಂಡಾರದಲ್ಲಿ ಬಿಟ್ಟು ಶೋಧದ ಮೂಲಕ ಪಡೆಯುವುದು ಇಂದು ಬಹುಜನರ ರೂಢಿಯಾಗಿದೆ. ಕನ್ನಡದಲ್ಲಿ ಕೆಲಸ ಮಾಡುವ ಸಾಹಿತ್ಯ ಮತ್ತು ಶಾಸನಗಳ ಅಭ್ಯಾಸಿಗೆ ಇವುಗಳಲ್ಲಿ ಯಾವುದು ಎಷ್ಟು ಒದಗುತ್ತದೆ ಎಂಬುದನ್ನು ನನ್ನ ಅನುಭವದ ಬೆಳಕಿನಲ್ಲಿ ಪರಿಶೀಲಿಸುವುದು ಈ ಬರಹದ ಉದ್ದೇಶ.

‘ಇನ್‌ಬಾಕ್ಸ್ ಜೀರೋ’ ಎಂಬ ಮಾತನ್ನು ಬಳಕೆಗೆ ತಂದವರು ಅಮೆರಿಕದ ಲೇಖಕ ಮರ್ಲಿನ್ ಮನ್. 2006ರಲ್ಲಿ ‘43 ಫೋಲ್ಡರ್ಸ್’ ಎಂಬ ತಮ್ಮ ಜಾಲತಾಣದಲ್ಲಿ ಈ ಕುರಿತು ಲೇಖನಮಾಲೆಯೊಂದನ್ನು ಬರೆದ ಅವರು, 2007ರ ಜುಲೈನಲ್ಲಿ ಗೂಗಲ್ ಸಂಸ್ಥೆಯಲ್ಲಿ ಇದೇ ವಿಷಯವಾಗಿ ಉಪನ್ಯಾಸ ನೀಡಿದರು. ಅವರ ತಾಣದ ಹೆಸರಿನಲ್ಲೇ ಪದ್ಧತಿಯ ಮೂಲವೂ ಅಡಗಿದೆ. ತಿಂಗಳ 31 ದಿನಗಳಿಗೆ ಒಂದೊಂದು, ವರ್ಷದ 12 ತಿಂಗಳುಗಳಿಗೆ ಒಂದೊಂದು, ಹೀಗೆ 43 ಕಡತಗಳನ್ನಿಟ್ಟುಕೊಂಡು ಯಾವ ಕಾಗದವನ್ನು ಯಾವಾಗ ನೋಡಬೇಕೋ ಅದಕ್ಕೆ ಸಲ್ಲುವ ಕಡತದಲ್ಲಿರಿಸುವ ಹಳೆಯ ಕಚೇರಿ ಕ್ರಮ ಅದು. ಡೇವಿಡ್ ಆ್ಯಲನ್ 2001ರ ತಮ್ಮ ‘ಗೆಟ್ಟಿಂಗ್ ಥಿಂಗ್ಸ್ ಡನ್’ ಗ್ರಂಥದಲ್ಲಿ ಇದನ್ನು ವಿವರಿಸಿದ್ದರು.

ಮನ್ ಅವರ ಪದ್ಧತಿ ಐದು ಕ್ರಿಯಾಪದಗಳಲ್ಲಿ ನಿಲ್ಲುತ್ತದೆ. ಬಂದ ಪ್ರತಿಯೊಂದು ಪತ್ರವನ್ನೂ ಅಳಿಸಬೇಕು, ಇಲ್ಲವೇ ಬೇರೆಯವರಿಗೆ ಒಪ್ಪಿಸಬೇಕು, ಇಲ್ಲವೇ ಉತ್ತರಿಸಬೇಕು, ಇಲ್ಲವೇ ಮುಂದಕ್ಕೆ ಹಾಕಬೇಕು, ಇಲ್ಲವೇ ಅದು ಕೇಳುವ ಕೆಲಸವನ್ನು ಆಗಲೇ ಮಾಡಿ ಮುಗಿಸಬೇಕು. ಯಾವುದನ್ನೂ ಮಾಡದೆ ಪತ್ರವನ್ನು ತೆರೆದು ನೋಡಿ, ಮುಚ್ಚಿ, ಅಲ್ಲಿಯೇ ಬಿಡುವುದು ನಿಷಿದ್ಧ. ಇಲ್ಲಿನ ಸೊನ್ನೆ ಪೆಟ್ಟಿಗೆಯಲ್ಲಿರುವ ಪತ್ರಗಳ ಸಂಖ್ಯೆಯಲ್ಲ, ಪೆಟ್ಟಿಗೆಯ ಚಿಂತೆಯಲ್ಲಿ ನಮ್ಮ ಮನಸ್ಸು ಕಳೆಯುವ ಹೊತ್ತು ಎಂಬ ಆಶಯವನ್ನು ಅವರೇ ಮುಂದೆ ಸ್ಪಷ್ಟಪಡಿಸಿದ್ದಾರೆ. ಆದರೆ ಲೋಕರೂಢಿಯಲ್ಲಿ ಸಂಖ್ಯೆಯ ಅರ್ಥವೇ ಉಳಿದುಕೊಂಡಿದೆ.

ಎರಡನೆಯ ಪದ್ಧತಿಗೆ ದಾರಿಯಾದದ್ದು 2004ರ ಏಪ್ರಿಲ್ 1ರಂದು ಆರಂಭವಾದ ಜಿಮೇಲ್. ಅಂದು ಅದು ಪ್ರತಿಯೊಬ್ಬರಿಗೂ ಒಂದು ಗಿಗಾಬೈಟಿನಷ್ಟು ಸ್ಥಳವನ್ನು ಕೊಟ್ಟಿತು. ಸ್ಥಳ ಸಾಲದೆಂದು ಪತ್ರಗಳನ್ನು ಅಳಿಸಬೇಕಾದ ಒತ್ತಡ ಅಲ್ಲಿಗೆ ಬಹುಮಟ್ಟಿಗೆ ಇಲ್ಲವಾಯಿತು. ಅದರೊಡನೆ ‘ಆರ್ಕೈವ್’ ಎಂಬ ಗುಂಡಿಯೂ ಬಂದಿತು. ಅದನ್ನು ಒತ್ತಿದರೆ ಪತ್ರ ಬೇರೊಂದು ಕಡತಕ್ಕೆ ಹೋಗುವುದಿಲ್ಲ. ಅದರ ಮೇಲಿದ್ದ ‘ಇನ್‌ಬಾಕ್ಸ್’ ಎಂಬ ಚೀಟಿ ಮಾತ್ರ ಕಳಚಿಬೀಳುತ್ತದೆ. ಪತ್ರವು ‘ಆಲ್ ಮೇಲ್’ ಎಂಬ ಒಂದೇ ಭಂಡಾರದಲ್ಲಿ ಮೊದಲಿನಂತೆಯೇ ಇರುತ್ತದೆ, ಅದಕ್ಕೆ ಯಾರಾದರೂ ಮರುಪತ್ರ ಬರೆದರೆ ಚೀಟಿ ಮತ್ತೆ ಅಂಟಿಕೊಂಡು ಪೆಟ್ಟಿಗೆಗೆ ಮರಳುತ್ತದೆ.

ಓಲೆಗರಿ ಭಂಡಾರಗಳನ್ನು ಬಲ್ಲವರಿಗೆ ಈ ವ್ಯವಸ್ಥೆ ಅಪರಿಚಿತವೆನಿಸದು. ಒಂದೇ ಕಟ್ಟಿನಲ್ಲಿ ಒಂದು ಪುರಾಣ, ಒಂದು ವೈದ್ಯಗ್ರಂಥ, ಕೊನೆಯಲ್ಲಿ ನಾಲ್ಕು ಗರಿಗಳ ಸ್ತೋತ್ರ ಇದ್ದರೆ ಆ ಕಟ್ಟನ್ನು ಯಾವ ಕಪಾಟಿನಲ್ಲಿಡಬೇಕು? ಕಪಾಟಿನಲ್ಲಿ ಅದಕ್ಕೆ ಒಂದೇ ಸ್ಥಾನ. ಗ್ರಂಥಸೂಚಿಯಲ್ಲಾದರೋ ಅದು ಮೂರು ಹೆಸರುಗಳ ಕೆಳಗೂ ಬರಬಹುದು. ಕಡತ ಮಾಡುವುದು ಕಪಾಟಿನ ಕ್ರಮ, ಶೋಧ ಮಾಡುವುದು ಸೂಚಿಯ ಕ್ರಮ. ಸೂಚಿ ಚೆನ್ನಾಗಿದ್ದರೆ ಕಟ್ಟುಗಳು ಯಾವ ಅನುಕ್ರಮದಲ್ಲಿದ್ದರೂ ಬಾಧಕವಿಲ್ಲ.

ಶೋಧದ ಪಕ್ಷಕ್ಕೆ ಬಲ ಕೊಡುವ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಸ್ಟೀವ್ ವಿಟೇಕರ್ ಮತ್ತು ಐಬಿಎಂ ಸಂಶೋಧನಾಲಯದ ಅವರ ಸಹೋದ್ಯೋಗಿಗಳು 345 ಮಂದಿ ಬಳಕೆದಾರರು ಹಳೆಯ ಪತ್ರಗಳನ್ನು ಮರಳಿ ಪಡೆಯಲು ಮಾಡಿದ 85,000ಕ್ಕೂ ಹೆಚ್ಚು ಯತ್ನಗಳನ್ನು ಪರಿಶೀಲಿಸಿದರು. ಕಡತದಲ್ಲಿ ಅರಸುವವರಿಗೆ ಸರಾಸರಿ 58 ಸೆಕೆಂಡುಗಳು ಹಿಡಿದರೆ ಶೋಧಿಸುವವರಿಗೆ 17 ಸೆಕೆಂಡುಗಳು ಸಾಕಾದವು. ಶ್ರಮವಹಿಸಿ ಕಡತಗಳನ್ನು ಮಾಡಿಕೊಂಡವರು ಪತ್ರವನ್ನು ಪಡೆಯುವುದರಲ್ಲಿ ಉಳಿದವರಿಗಿಂತ ಹೆಚ್ಚು ಸಫಲರಾಗಲೂ ಇಲ್ಲ. ಈ ತೀರ್ಮಾನವನ್ನು ಒಪ್ಪಬಹುದು. ಆದರೆ ಅಲ್ಲಿ ಅಧ್ಯಯನಕ್ಕೆ ಒಳಗಾದವು ಒಂದು ಸಂಸ್ಥೆಯ ಉದ್ಯೋಗಿಗಳ ಪತ್ರಗಳು. ಬರೆಯುವವರೂ ಹುಡುಕುವವರೂ ಒಂದೇ ಕಚೇರಿಯ ಪರಿಭಾಷೆಯನ್ನು ಹಂಚಿಕೊಂಡವರು. ಕ್ಷೇತ್ರಕಾರ್ಯದಿಂದ ನಮಗೆ ಬರುವ ಪತ್ರಗಳ ಸ್ವರೂಪ ಹಾಗಿಲ್ಲ ಎಂಬುದಕ್ಕೆ ಒಂದು ಪ್ರಸಂಗವನ್ನು ಇಲ್ಲಿ ವಿವರಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ನಿಸಿದಿ ಶಾಸನದ ಕಾಲನಿರ್ಣಯವನ್ನು ಕುರಿತು ಬರೆಯುತ್ತಿದ್ದೆ. ಮುದ್ರಿತ ಪಾಠದಲ್ಲಿ ಸಂವತ್ಸರದ ಹೆಸರು ಬರುವ ಕಡೆ ಅಕ್ಷರಗಳು ತ್ರುಟಿತವೆಂದು ಚುಕ್ಕೆಗಳನ್ನು ಹಾಕಲಾಗಿತ್ತು. ಲಿಪಿಯಿಂದ ಶತಮಾನವನ್ನು ಊಹಿಸಬಹುದು. ಸಂವತ್ಸರಚಕ್ರ 60 ವರ್ಷಗಳದಾದ್ದರಿಂದ ಹೆಸರಿನ ಒಂದೆರಡು ಅಕ್ಷರ ಸಿಕ್ಕರೂ ಶತಮಾನದೊಳಗೆ ಒಂದೋ ಎರಡೋ ವರ್ಷಗಳಿಗೆ ಬಂದು ನಿಲ್ಲಬಹುದು. ಕಲ್ಲನ್ನೇ ನೋಡೋಣವೆಂದರೆ ಅಷ್ಟರಲ್ಲಿ ಊರವರು ಭಕ್ತಿಯಿಂದ ಅದಕ್ಕೆ ಎಣ್ಣೆಬಣ್ಣ ಬಳಿದಿದ್ದರು. ಆ ಭಾಗ ಪೂರ್ಣ ಮುಚ್ಚಿಹೋಗಿತ್ತು. ಬಣ್ಣ ಬಳಿಯುವ ಮೊದಲು ಆ ಊರಿನ ನಿವೃತ್ತ ಅಧ್ಯಾಪಕರೊಬ್ಬರು ಅದರ ಛಾಯಾಚಿತ್ರವನ್ನು ನನಗೆ ಕಳುಹಿಸಿದ್ದರು ಎಂಬುದು ನೆನಪಿತ್ತು. ಅಧ್ಯಾಪಕರು ಆ ವೇಳೆಗೆ ತೀರಿಕೊಂಡಿದ್ದರು. ಹಾಗಾಗಿ ಆ ಚಿತ್ರ ಉಳಿದಿದ್ದರೆ ನನ್ನ ಮಿಂಚಂಚೆಯ ಭಂಡಾರದಲ್ಲಿ ಮಾತ್ರ ಉಳಿದಿರಬೇಕಾಗಿತ್ತು.

ಮೊದಲು ‘ನಿಸಿದಿ’ ಎಂದು ಹುಡುಕಿದೆ. ಬೇರೆ ಪತ್ರಗಳು ಬಂದವು, ಅದು ಬರಲಿಲ್ಲ. ಈ ಶಬ್ದಕ್ಕೆ ಶಾಸನಗಳಲ್ಲಿಯೇ ಹಲವು ರೂಪಗಳಿವೆ. ಇಂದು ಬರೆಯುವವರಲ್ಲಿಯೂ ಏಕರೂಪತೆಯಿಲ್ಲ. ಆದ್ದರಿಂದ ಗೊತ್ತಿರುವ ರೂಪಗಳನ್ನೆಲ್ಲ ಸೇರಿಸಿ ಎರಡನೆಯ ಬಾರಿ ಹುಡುಕಿದೆ:

```
ನಿಸಿದಿ OR ನಿಸಿಧಿ OR ನಿಷಿಧಿ OR ನಿಷಿದಿ OR nisidi OR nisidhi
```

ಆಗಲೂ ಸಿಗಲಿಲ್ಲ. ಮೂರನೆಯದಾಗಿ ಅಧ್ಯಾಪಕರ ಹೆಸರಿನಿಂದ ಹುಡುಕಿದರೆ ಅವರ ಹೆಸರಿನ ಒಂದು ಪತ್ರವೂ ಇರಲಿಲ್ಲ. ಕೊನೆಗೆ ಪದಗಳನ್ನು ಕೈಬಿಟ್ಟೆ. ಆ ಚಿತ್ರ ಒಂದು ವಿಚಾರಸಂಕಿರಣ ಮುಗಿದ ಮೇಲೆ, ಚಳಿಗಾಲದಲ್ಲಿ ಬಂದದ್ದೆಂಬ ನೆನಪನ್ನು ಆಧಾರ ಮಾಡಿಕೊಂಡು ಕಾಲ ಮತ್ತು ಲಗತ್ತುಗಳಿಂದಷ್ಟೇ ಹುಡುಕಿದೆ:

```
has:attachment filename:jpg after:2016/11/01 before:2017/03/01
```

ನಲವತ್ತರಷ್ಟು ಪತ್ರಗಳು ಬಂದವು. ಒಂದೊಂದನ್ನೇ ತೆರೆಯುತ್ತ ಹೋದಾಗ ಸುಮಾರು ಮಧ್ಯದಲ್ಲಿ ಅದು ಸಿಕ್ಕಿತು. ಚಿತ್ರದಲ್ಲಿ ಸಂವತ್ಸರದ ಹೆಸರಿನ ಕೊನೆಯ ಎರಡು ಅಕ್ಷರಗಳು ಓರೆಬೆಳಕಿನಲ್ಲಿ ಸ್ಪಷ್ಟವಾಗಿದ್ದವು. ಕಾಲನಿರ್ಣಯಕ್ಕೆ ಅಷ್ಟು ಸಾಕಾಗಿತ್ತು.

ಮೊದಲ ಮೂರು ಶೋಧಗಳು ಏಕೆ ಸೋತವು ಎಂಬುದು ಪತ್ರವನ್ನು ಕಂಡಾಗ ತಿಳಿಯಿತು. ಅದನ್ನು ಅಧ್ಯಾಪಕರ ಮಗನ ಖಾತೆಯಿಂದ ಕಳುಹಿಸಲಾಗಿತ್ತು. ವಿಷಯದ ಸಾಲಿನಲ್ಲಿ `Photo` ಎಂದಷ್ಟೇ ಇತ್ತು. ಒಡಲಿನಲ್ಲಿದ್ದುದು ರೋಮನ್ ಅಕ್ಷರಗಳಲ್ಲಿ ಒಂದೇ ಸಾಲು, ಅದರಲ್ಲಿ ಹುರುಳಿನ ಮಾತೆಂದರೆ `kallina photo` ಎಂಬುದು. ಊರಿನವರಿಗೆ ಅದು ಕಲ್ಲು. ನಿಸಿದಿ, ಶಾಸನ, ಸ್ಮಾರಕ ಎಂಬುವು ನಮ್ಮ ಶಬ್ದಗಳು. ಭಂಡಾರ ಉತ್ತರಿಸುವುದು ಕಳುಹಿಸಿದವರ ಭಾಷೆಯಲ್ಲಿ, ನಾವು ಪ್ರಶ್ನಿಸುವುದು ಶಾಸ್ತ್ರದ ಭಾಷೆಯಲ್ಲಿ. ಶೋಧ ಸೋಲುವುದು ಸಾಮಾನ್ಯವಾಗಿ ಈ ಎರಡರ ನಡುವಿನ ಕಂದಕದಲ್ಲಿ.

ಇದೇ ಪತ್ರವನ್ನು ಅಂದೇ ಕಡತಕ್ಕೆ ಸೇರಿಸಿದ್ದರೆ ಸುಲಭವಾಗುತ್ತಿತ್ತೇ ಎಂದು ಕೇಳಬಹುದು. ಅದು ಬಂದ ದಿನ ನನ್ನ ದೃಷ್ಟಿಯಲ್ಲಿ ಸಂಕಿರಣದ ಮಾತುಕತೆಯ ಮುಂದುವರಿಕೆಯಾಗಿತ್ತು. ಕಡತ ಮಾಡುವವನಾದರೆ ‘ಸಂಕಿರಣ’ ಎಂಬ ಕಡತದಲ್ಲಿರಿಸುತ್ತಿದ್ದೆ. ಅದು ಕಾಲನಿರ್ಣಯದ ಆಕರವೆಂಬುದು ಕಲ್ಲಿನ ಮೇಲೆ ಬಣ್ಣ ಬಿದ್ದ ಮೇಲಷ್ಟೇ ನಿಜವಾಯಿತು. ಪತ್ರದ ಮಹತ್ತ್ವ ಅದು ಬಂದ ಬಳಿಕವೂ ಬದಲಾಗುತ್ತದೆ. ಕಡತ ಮಾತ್ರ ಬಂದ ದಿನದ ಅಭಿಪ್ರಾಯದಲ್ಲಿಯೇ ನಿಂತುಬಿಡುತ್ತದೆ. ಇನ್ನು ಐದು ಕ್ರಿಯಾಪದಗಳನ್ನು ಅಕ್ಷರಶಃ ಪಾಲಿಸಿದ್ದರೆ, ‘ತಲುಪಿತು, ಧನ್ಯವಾದಗಳು’ ಎಂದು ಉತ್ತರಿಸಿದ ಮೇಲೆ ಅದನ್ನು ಅಳಿಸುವ ಸಂಭವವೂ ಇತ್ತು. ಜಿಮೇಲಿನ ಕಸದ ಬುಟ್ಟಿಗೆ ಹೋದ ಪತ್ರ 30 ದಿನಗಳ ಮೇಲೆ ಶಾಶ್ವತವಾಗಿ ಇಲ್ಲವಾಗುತ್ತದೆ.

ಹಾಗಾದರೆ ಎಲ್ಲವನ್ನೂ ಉಳಿಸುವ ಪಕ್ಷವೇ ಮೇಲು. ಆದರೆ ಕನ್ನಡದ ಮಟ್ಟಿಗೆ ಶೋಧಕ್ಕೆ ಇನ್ನೆರಡು ತೊಡಕುಗಳಿವೆ. ಅವುಗಳನ್ನು ತಿಳಿಯದೆ ಅದನ್ನು ನಂಬಲಾಗದು.

ಮೊದಲನೆಯದು ನಮ್ಮ ಭಾಷೆಯ ರಚನೆಗೆ ಸೇರಿದ್ದು. ಜಿಮೇಲಿನ ಶೋಧ ಇಡಿಯ ಪದವನ್ನು ಹಿಡಿಯುತ್ತದೆ, ಪದದ ತುಣುಕನ್ನಲ್ಲ. ಇಂಗ್ಲಿಷಿನಲ್ಲಿ ನಾಮಪದ ಬಹುತೇಕ ಬದಲಾಗದೆ ನಿಲ್ಲುವುದರಿಂದ ಇದು ಅಷ್ಟಾಗಿ ಕಾಡುವುದಿಲ್ಲ. ಕನ್ನಡದಲ್ಲಿ ವಿಭಕ್ತಿ, ವಚನ, ಸಂಧಿ, ಸಮಾಸಗಳೆಲ್ಲ ಪದದೊಳಗೇ ಬಂದು ಕೂಡುತ್ತವೆ. ‘ಶಾಸನ’ ಎಂದು ಹುಡುಕಿದಾಗ ‘ಶಾಸನದ’, ‘ಶಾಸನಗಳಲ್ಲಿ’, ‘ಶಾಸನೋಕ್ತ’, ‘ಶಿಲಾಶಾಸನವೊಂದು’ ಎಂದು ಬರೆದ ಪತ್ರಗಳು ತಪ್ಪಿಹೋಗಬಹುದು. ಪತ್ರದಲ್ಲಿ ಆ ಶಬ್ದ ಹತ್ತು ಸಲ ಬಂದಿದ್ದರೂ ಒಂದು ಸಲವಾದರೂ ಪ್ರತ್ಯಯವಿಲ್ಲದ ಪ್ರಕೃತಿರೂಪದಲ್ಲಿ ಬಂದಿರದಿದ್ದರೆ ಫಲಿತಾಂಶ ಬರಿದಾಗಬಹುದು. ಆದುದರಿಂದ ಕನ್ನಡದಲ್ಲಿ ಹುಡುಕುವವರು ನಾಲ್ಕಾರು ವಿಭಕ್ತಿರೂಪಗಳನ್ನು `OR` ಮೂಲಕ ಜೋಡಿಸುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು.

ಎರಡನೆಯದು ಲಿಪಿಯ ಸಂಕೇತಕ್ಕೆ ಸೇರಿದ್ದು. ಯೂನಿಕೋಡ್ ವ್ಯಾಪಕವಾಗುವ ಮುನ್ನ ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಸಿದ್ಧಪಡಿಸಿದ ಲೇಖನಗಳು ಈಗಲೂ ನಮ್ಮ ಪೆಟ್ಟಿಗೆಗಳಲ್ಲಿ ಬೇಕಾದಷ್ಟಿವೆ. ಮುದ್ರಣಾಲಯಗಳಿಂದ ಬರುವ ಕರಡುಗಳಲ್ಲಿ ಇಂದಿಗೂ ಅವು ಅಪರೂಪವಲ್ಲ. ಹಳೆಯ ಅಕ್ಷರಶೈಲಿಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಯಂತ್ರದೊಳಗೆ ಇರುವುದು ಲ್ಯಾಟಿನ್ ಸಂಕೇತಗಳ ಸರಣಿ. ಇಂಥ ಕಡತದಲ್ಲಿ ‘ಪಂಪ’ ಎಂದು ಎಷ್ಟು ಹುಡುಕಿದರೂ ಸಿಗದು. ಇದನ್ನು ಪತ್ತೆಹಚ್ಚುವ ಬಗೆ ಸರಳವಾಗಿದೆ: ಕಡತದ ಒಂದು ಸಾಲನ್ನು ನಕಲು ಮಾಡಿ ಹೊಸ ಮಿಂಚಂಚೆಯ ಒಡಲಿನಲ್ಲಿ ಅಂಟಿಸಿ ನೋಡಬೇಕು. ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳೂ ಚಿಹ್ನೆಗಳೂ ಬಂದರೆ ಅದು ಶೋಧಕ್ಕೆ ಸಿಗದ ಕಡತ. ಚಿತ್ರರೂಪದಲ್ಲಿ ಸ್ಕ್ಯಾನ್ ಮಾಡಿದ ಪುಟಗಳನ್ನೂ ಕನ್ನಡ ಪದದಿಂದ ಶೋಧಿಸಬಹುದೆಂದು ನೆಚ್ಚಿ ಕೂರುವಂತಿಲ್ಲ.

ಈ ತೊಡಕುಗಳಿಂದ ಒಂದು ಎಚ್ಚರಿಕೆ ಹೊರಡುತ್ತದೆ. ಶೋಧದ ಫಲಿತಾಂಶ ಬರಿದಾಗಿ ಬಂದರೆ ‘ಪತ್ರವಿಲ್ಲ’ ಎಂದು ತಿಳಿಯಬಾರದು, ‘ಈ ರೂಪದಲ್ಲಿ ಪದವಿಲ್ಲ’ ಎಂದಷ್ಟೇ ತಿಳಿಯಬೇಕು. ಒಂದು ಹಸ್ತಪ್ರತಿಯಲ್ಲಿ ಪದ್ಯವೊಂದು ಕಾಣದಿದ್ದ ಮಾತ್ರಕ್ಕೆ ಅದು ಕವಿಯದಲ್ಲವೆಂದು ಯಾವ ಸಂಪಾದಕರೂ ತೀರ್ಮಾನಿಸುವುದಿಲ್ಲ. ಅದೇ ವಿವೇಕ ಇಲ್ಲಿಯೂ ಬೇಕು.

ಇಷ್ಟಾದ ಮೇಲೆ ಇನ್‌ಬಾಕ್ಸ್ ಜೀರೋ ಪದ್ಧತಿಯಲ್ಲಿ ಉಳಿಸಿಕೊಳ್ಳಬೇಕಾದದ್ದು ಏನು ಎಂಬ ಪ್ರಶ್ನೆ ಬರುತ್ತದೆ. ನನ್ನ ವಿಚಾರದಲ್ಲಿ ಈ ಎರಡು ಪದ್ಧತಿಗಳು ಎರಡು ಬೇರೆ ಪ್ರಶ್ನೆಗಳಿಗೆ ಉತ್ತರಗಳು. ‘ಈ ಪತ್ರ ನನ್ನಿಂದ ಏನನ್ನು ಬಯಸುತ್ತದೆ?’ ಎಂಬುದು ಮೊದಲನೆಯದರ ಪ್ರಶ್ನೆ. ‘ಆ ಪತ್ರ ಎಲ್ಲಿದೆ?’ ಎಂಬುದು ಎರಡನೆಯದರ ಪ್ರಶ್ನೆ. ಭಂಡಾರವನ್ನಷ್ಟೇ ನಂಬಿದವರಿಗೆ ಹಳೆಯ ಪತ್ರ ಸಿಗುತ್ತದೆ, ಆದರೆ ಉತ್ತರಿಸದೆ ಉಳಿದ ಪತ್ರ ತಾನಾಗಿ ಎದುರಿಗೆ ಬರುವುದಿಲ್ಲ. ಮರೆತುಹೋದುದನ್ನು ಹುಡುಕುವ ಪದ ಯಾವುದೂ ಇಲ್ಲ. ಸಂಶೋಧನಾ ವಿದ್ಯಾರ್ಥಿಯೊಬ್ಬರು ಅಧ್ಯಾಯ ಕಳುಹಿಸಿ ಕಾಯುತ್ತಿದ್ದರೆ ಅದನ್ನು ನೆನಪಿಸಬಲ್ಲದ್ದು ಇನ್‌ಬಾಕ್ಸಿನಲ್ಲಿ ಕಣ್ಣೆದುರು ಇರುವ ಪತ್ರವೇ ಹೊರತು ಭಂಡಾರವಲ್ಲ.

ಈ ಪದ್ಧತಿ ಕೆಡುವ ಬಗೆಯನ್ನೂ ಗುರುತಿಸಬಹುದು. ಎರಡು ನಿಮಿಷದಲ್ಲಿ ಮುಗಿಯುವುದನ್ನು ಆಗಲೇ ಮುಗಿಸು ಎಂಬುದು ಆ್ಯಲನ್ ಅವರ ಸೂತ್ರ. ಕಚೇರಿಯ ಪತ್ರಗಳಿಗೆ ಇದು ಸಲ್ಲುತ್ತದೆ. ಒಂದು ಪಾಠಾಂತರದ ಬಗ್ಗೆ ಕೇಳಿದ ಪ್ರಶ್ನೆಗೆ ಎರಡು ನಿಮಿಷದಲ್ಲಿ ಉತ್ತರಿಸಲಾಗದು. ಎರಡು ದಿನವೂ ಸಾಲದಿರಬಹುದು. ಇಂಥವೆಲ್ಲ ‘ಮುಂದಕ್ಕೆ ಹಾಕು’ ಎಂಬ ನಾಲ್ಕನೆಯ ಕ್ರಿಯಾಪದಕ್ಕೆ ಸೇರುತ್ತವೆ. ಪೆಟ್ಟಿಗೆ ಬರಿದಾಗಿ, ‘ಆಮೇಲೆ’ ಎಂಬ ಚೀಟಿಯ ಕೆಳಗೆ ಅರವತ್ತು ಪತ್ರಗಳು ಕೂಡಿಕೊಂಡಿದ್ದರೆ ಸೊನ್ನೆ ಕೇವಲ ತೋರಿಕೆಯದು. ಪೆಟ್ಟಿಗೆ ಹೆಸರು ಬದಲಿಸಿಕೊಂಡಿದೆ, ಅಷ್ಟೆ.

ಈ ವಿಚಾರಗಳ ಫಲವಾಗಿ ನಾನು ಅನುಸರಿಸುತ್ತಿರುವ ಕ್ರಮ ಹೀಗಿದೆ. ಕಡತಗಳನ್ನು ಮಾಡುವುದಿಲ್ಲ, ಜಾಹೀರಾತುಗಳನ್ನು ಬಿಟ್ಟರೆ ಯಾವುದನ್ನೂ ಅಳಿಸುವುದಿಲ್ಲ. ನನ್ನಿಂದ ಏನನ್ನಾದರೂ ಬಯಸುವ ಪತ್ರ ಮಾತ್ರ ಇನ್‌ಬಾಕ್ಸಿನಲ್ಲಿ ಉಳಿಯುತ್ತದೆ. ಸಂಖ್ಯೆ ಸೊನ್ನೆಯಾಗಬೇಕೆಂಬ ಹಟವಿಲ್ಲ. ಒಂದು ಪರದೆಯಲ್ಲಿ ಎಲ್ಲವೂ ಕಾಣಬೇಕೆಂಬುದೇ ಮಿತಿ. ಉಳಿದುದೆಲ್ಲ ಒಂದೇ ಭಂಡಾರಕ್ಕೆ ಹೋಗುತ್ತದೆ. ಆದರೆ ಆಕರವೆನಿಸಬಹುದಾದ ಪತ್ರ ಭಂಡಾರ ಸೇರುವ ಮೊದಲು ಅದಕ್ಕೊಂದು ಸಾಲು ಜೋಡಿಸುತ್ತೇನೆ. ಆ ಪತ್ರಕ್ಕೆ ಮರುಪತ್ರವನ್ನು ತೆರೆದು, ವಿಳಾಸದ ಜಾಗದಲ್ಲಿ ಕಳುಹಿಸಿದವರ ಹೆಸರನ್ನು ತೆಗೆದು ನನ್ನ ವಿಳಾಸವನ್ನೇ ಹಾಕಿ, ವಿಷಯದ ಸಾಲನ್ನು ಬದಲಿಸದೆ, ಕೆಲವು ಶಬ್ದಗಳನ್ನಷ್ಟೇ ಬರೆದು ಕಳುಹಿಸುತ್ತೇನೆ. ವಿಷಯ ಒಂದೇ ಆದ್ದರಿಂದ ಈ ಸಾಲು ಮೂಲ ಪತ್ರದ ಸರಣಿಯಲ್ಲಿಯೇ ಕೂಡಿಕೊಳ್ಳುತ್ತದೆ. ಮುಂದೆ ಅದು ಸಿಕ್ಕರೆ ಮೂಲವೂ ಸಿಕ್ಕಂತೆ. ಮೇಲಿನ ನಿಸಿದಿಯ ಪತ್ರಕ್ಕೆ ಈಗ ಇರುವ ಸಾಲು ಇದು:

```
ನಿಸಿದಿ ನಿಷಿಧಿ nisidhi ಶಾಸನ ಕಲ್ಲು ಛಾಯಾಚಿತ್ರ ಸಂವತ್ಸರ ಕಾಲನಿರ್ಣಯ
```

ಇದರ ಜೊತೆಗೆ ಊರಿನ ಹೆಸರು, ತಾಲ್ಲೂಕು ಮತ್ತು ಅಧ್ಯಾಪಕರ ಹೆಸರನ್ನೂ ಸೇರಿಸಿದ್ದೇನೆ. ಸಾಲು ವಾಕ್ಯವಾಗಿರಬೇಕಿಲ್ಲ, ಆಗದಿರುವುದೇ ಒಳಿತು. ಪ್ರತಿಯೊಂದು ಶಬ್ದವೂ ಪ್ರತ್ಯಯವಿಲ್ಲದೆ ನಾಮಪ್ರಕೃತಿಯಾಗಿ ನಿಲ್ಲಬೇಕು. ನಮ್ಮ ಪಾರಿಭಾಷಿಕ ಶಬ್ದದ ಪಕ್ಕದಲ್ಲಿ ಕಳುಹಿಸಿದವರ ಶಬ್ದವೂ ಇರಬೇಕು. ಇದಕ್ಕೆ ಅರ್ಧ ನಿಮಿಷ ಸಾಕು, ದಿನಕ್ಕೆ ಇಂಥವು ಎರಡೋ ಮೂರೋ ಇರುತ್ತವೆ. ವಿವರಣಾತ್ಮಕ ಸೂಚಿಗಳಲ್ಲಿ ಪ್ರತಿಯ ಆದಿ ಮತ್ತು ಅಂತ್ಯವನ್ನು ಕೊಡುವ ಪದ್ಧತಿಯ ಹಿಂದೆ ಇರುವುದೂ ಇದೇ ದೂರದೃಷ್ಟಿ. ಯಾರು ಯಾವಾಗ ಯಾವ ಕಾರಣಕ್ಕೆ ಹುಡುಕಿಯಾರು ಎಂಬುದು ತಿಳಿಯದಾದರೂ, ಗುರುತು ಹಿಡಿಯಲು ಬೇಕಾದಷ್ಟನ್ನು ಅಲ್ಲಿ ಬರೆದಿಡಲಾಗುತ್ತದೆ.

ಒಂದೇ ಭಂಡಾರವನ್ನು ನೆಚ್ಚುವುದರಲ್ಲಿ ಕೊನೆಯದಾಗಿ ಒಂದು ಅಪಾಯವಿದೆ. ವಿಶ್ವವಿದ್ಯಾಲಯದ ಖಾತೆ ನಿವೃತ್ತಿಯೊಡನೆ ಮುಚ್ಚಿಹೋಗಬಹುದು. ಜಿಮೇಲಿನ ಉಚಿತ ಸ್ಥಳವಾದ 15 ಗಿಗಾಬೈಟಿನಲ್ಲಿ ಪತ್ರಗಳ ಜೊತೆ ಡ್ರೈವ್‌ನ ಕಡತಗಳಿಗೂ ಫೋಟೋಗಳಿಗೂ ಪಾಲಿದೆ. ಅದು ತುಂಬಿದರೆ ಹೊಸ ಪತ್ರಗಳು ಬರುವುದು ನಿಲ್ಲುತ್ತದೆ. ಆದುದರಿಂದ ವರ್ಷಕ್ಕೊಮ್ಮೆ ಗೂಗಲ್ ಟೇಕ್‌ಔಟ್ ಮೂಲಕ ಎಲ್ಲ ಪತ್ರಗಳನ್ನು ಎಂಬಾಕ್ಸ್ ರೂಪದಲ್ಲಿ ಇಳಿಸಿಕೊಂಡು ಬೇರೊಂದು ಡಿಸ್ಕಿನಲ್ಲಿರಿಸುವುದು ಯುಕ್ತ. ಅದನ್ನು ಥಂಡರ್‌ಬರ್ಡ್‌ನಂತಹ ತಂತ್ರಾಂಶದಲ್ಲಿ ತೆರೆಯಲು ಬರುತ್ತದೆ. ಅದರ ಸೋಸುಪಟ್ಟಿ ವಿಷಯದ ಸಾಲಿನಲ್ಲಿರುವ ಪದದ ತುಣುಕನ್ನೂ ಹಿಡಿಯುತ್ತದೆ. ‘ಶಾಸನ’ ಎಂದು ಕೊಟ್ಟರೆ ‘ಶಿಲಾಶಾಸನಗಳು’ ಎಂಬುದೂ ಬರುತ್ತದೆ. ವಿಭಕ್ತಿಗಳ ಭಾಷೆಯಾದ ಕನ್ನಡಕ್ಕೆ ಇದು ಸಣ್ಣ ಸೌಲಭ್ಯವಲ್ಲ.

ಹೀಗೆ ನೋಡಿದಾಗ ಬರಿದಾದ ಪೆಟ್ಟಿಗೆ ಮತ್ತು ತುಂಬಿದ ಭಂಡಾರ ಪರಸ್ಪರ ವಿರೋಧಿಗಳಲ್ಲ. ಪತ್ರ ಬಂದ ದಿನ ಅದನ್ನೊಮ್ಮೆ ಸರಿಯಾಗಿ ಓದಿ ತೀರ್ಮಾನಿಸಬೇಕೆಂಬುದು ಮೊದಲನೆಯದರಿಂದ ಪಡೆಯಬೇಕಾದ ಶಿಸ್ತು. ಅದರ ಮಹತ್ತ್ವವನ್ನು ಅಂದೇ ನಿರ್ಣಯಿಸಿ ಎಸೆಯಬಾರದೆಂಬುದು ಎರಡನೆಯದರಿಂದ ಪಡೆಯಬೇಕಾದ ವಿನಯ. ಓದಿದ ಆ ಹೊತ್ತಿನಲ್ಲಿ ಬರೆದಿಟ್ಟ ನಾಲ್ಕು ಶಬ್ದಗಳು ಇವೆರಡನ್ನೂ ಕೂಡಿಸುತ್ತವೆ. ಕಲ್ಲುಗಳ ಮೇಲೆ ಬಣ್ಣ ಬೀಳುತ್ತಲೇ ಇರುತ್ತದೆ, ಚಿತ್ರ ಕಳುಹಿಸಿದ ಹಿರಿಯರು ಒಬ್ಬೊಬ್ಬರಾಗಿ ಅಗಲುತ್ತಿದ್ದಾರೆ. ಅವರು ಕೊಟ್ಟುಹೋದದ್ದು ನಮ್ಮ ಪೆಟ್ಟಿಗೆಗಳಲ್ಲಿ ಇದ್ದೂ ಇಲ್ಲದಂತಾಗದಿರಲು ಅಷ್ಟು ಶಬ್ದಗಳ ಶ್ರಮ ಹೆಚ್ಚಿನದಲ್ಲ.